ಅಜ್ಜಿಗೆ ಮೊಮ್ಮಗ ಕಾಣುತ್ತಾನೆ, ಮೊಮ್ಮಗನಿಗೆ ಅಜ್ಜಿ ಕಾಣುವುದಿಲ್ಲ

ತೀರ್ಥಹಳ್ಳಿ ಕಡೆಯ ಒಂದು ತೋಟದ ಮನೆಯ ಅಜ್ಜಿಗೆ ಎಪ್ಪತ್ತು ದಾಟಿದೆ. ಮೊಮ್ಮಗ ಅಮೆರಿಕದ ಶಿಕಾಗೋದಲ್ಲಿದ್ದಾನೆ. ಅವನು ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೋ ಕಾಲ್ ಮಾಡಿದಾಗ ಮೊದಲ ತೊಡಕು ಬೆರಳಿನದ್ದು. ಅಡಿಕೆ ಸುಲಿದು ಒಣಗಿ ಗಟ್ಟಿಯಾದ ಬೆರಳನ್ನು ಸ್ಕ್ರೀನ್ ಗುರುತಿಸುತ್ತಿರಲಿಲ್ಲ. ಒದ್ದೆ ಬಟ್ಟೆಗೆ ಬೆರಳು ತಾಗಿಸಿಕೊಂಡು ಹಸಿರು ಗುರುತನ್ನು ಮೇಲಕ್ಕೆ ಜಾರಿಸಲು ಸೊಸೆ ಕಲಿಸಿದಳು. ಫೋನನ್ನು ಕಿವಿಗೆ ಒತ್ತಿಕೊಳ್ಳುವ ಅಭ್ಯಾಸವೂ ಹೋಯಿತು.

ಉಳಿದದ್ದು ಸಿಗ್ನಲ್ಲಿನ ತೊಡಕು. ಅಜ್ಜಿಗೆ ಅವನ ಮುಖ, ಮಾತು ಎರಡೂ ಸರಿಯಾಗಿ ಬರುತ್ತಿದ್ದವು. ಅವನು ಮಾತ್ರ, "ಅಜ್ಜೀ, ನಿನ್ನ ಮುಖ ಅಲ್ಲಾಡ್ತಾನೇ ಇಲ್ಲ, ಮಾತು ತುಂಡು ತುಂಡಾಗಿ ಬರ್ತಿದೆ" ಎನ್ನುತ್ತಿದ್ದ.

"ನಂಗೆ ಕಾಣ್ತಿದೀಯಲ್ಲ, ನಿಂಗ್ಯಾಕೆ ಕಾಣಲ್ಲ?" ಎಂದು ಅಜ್ಜಿ ಕೇಳಿದ್ದು ಸರಿಯಾದ ಪ್ರಶ್ನೆ. ಟವರ್ ಹತ್ತಾರು ವ್ಯಾಟ್ ಶಕ್ತಿಯಲ್ಲಿ ಕಳಿಸಿದ್ದು ಗುಡ್ಡ ದಾಟಿ ಮನೆಗೆ ತಲುಪುತ್ತದೆ. ಫೋನು ತಿರುಗಿ ಕಳಿಸುವುದು ಹೆಚ್ಚೆಂದರೆ ಸುಮಾರು 0.2 ವ್ಯಾಟ್‌ನಲ್ಲಿ. ಗುಡ್ಡ, ಮಣ್ಣಿನ ದಪ್ಪ ಗೋಡೆ, ಮಳೆಯಲ್ಲಿ ನೆನೆದ ಮರಗಳ ಎಲೆ ದಾಟುವಷ್ಟರಲ್ಲಿ ಅದು ಸೊರಗುತ್ತದೆ. ಫೋನಿನ ಮೇಲಿನ ಕಡ್ಡಿಗಳು ಟವರಿನಿಂದ ಬಂದದ್ದನ್ನಷ್ಟೇ ತೋರಿಸುತ್ತವೆ. ನಮ್ಮದು ಅಲ್ಲಿಗೆ ಮುಟ್ಟಿತೇ ಎಂಬುದನ್ನು ತೋರಿಸುವುದಿಲ್ಲ. ಹಾಗಾಗಿ ಎರಡು ಕಡ್ಡಿ ಕಂಡರೂ ಅಜ್ಜಿಯ ಮುಖ ನಿಂತುಹೋಗುತ್ತದೆ.

ಇದು ತಿಳಿದ ಮೇಲೆ ಉಪಾಯ ಹುಡುಕಿದರು. ಅಡುಗೆಮನೆ ಬಿಟ್ಟು, ಟವರಿನ ದಿಕ್ಕಿಗಿರುವ ಉಪ್ಪರಿಗೆಯ ಕಿಟಕಿಯ ಬಳಿ ಕೂತರು. ಅಂಗೈ ಮುಚ್ಚಿದರೆ ಆಂಟೆನಾಗೆ ಅಡ್ಡವಾಗುತ್ತದೆಂದು ಫೋನನ್ನು ಡಬ್ಬಿಗೆ ಒರಗಿಸಿಟ್ಟರು. ಸಂಜೆ ಊರಿನವರೆಲ್ಲ ಅದೇ ಟವರನ್ನು ಹಂಚಿಕೊಳ್ಳುವುದರಿಂದ ಬೆಳಗಿನ ಆರೂವರೆಗೆ ಸಮಯ ಗೊತ್ತುಮಾಡಿದರು. ಬೇಸಿಗೆಯಲ್ಲಿ ಶಿಕಾಗೋದಲ್ಲಾಗ ಹಿಂದಿನ ದಿನದ ರಾತ್ರಿ ಎಂಟು ಗಂಟೆ. ವಾಟ್ಸ್‌ಆ್ಯಪ್ ಸೆಟ್ಟಿಂಗ್ಸ್‌ನಲ್ಲಿ ಕರೆಗೆ ಕಡಿಮೆ ಡೇಟಾ ಬಳಸುವ ಆಯ್ಕೆಯನ್ನೂ ಒತ್ತಿದರು.

ಅಜ್ಜಿ ಕಲಿತ ಮುಖ್ಯ ಪಾಠವೆಂದರೆ ಕ್ಯಾಮೆರಾದ ಗುರುತು. ಮಾತಿಗೆ ಬೇಕಾದ ಡೇಟಾ ಚಿತ್ರಕ್ಕೆ ಬೇಕಾದುದರಲ್ಲಿ ಸಣ್ಣ ಪಾಲು. ಮೊಮ್ಮಗ "ತುಂಡಾಗ್ತಿದೆ" ಎಂದೊಡನೆ ಅಜ್ಜಿ ಆ ಗುರುತನ್ನು ಒತ್ತಿ ತಮ್ಮ ಚಿತ್ರ ನಿಲ್ಲಿಸುತ್ತಾರೆ. ಆ ಸಪೂರ ದಾರಿಯಲ್ಲಿ ಆಗ ದನಿಯೊಂದೇ ಹೋಗುತ್ತದೆ, ಕರೆ ಕಡಿಯುವುದಿಲ್ಲ. ಅವನ ಮುಖ ಮಾತ್ರ ಅಜ್ಜಿಗೆ ಕಾಣುತ್ತಲೇ ಇರುತ್ತದೆ.

ಮಳೆಗಾಲದಲ್ಲಿ ಕರೆಂಟು ಹೋಗಿ, ಟವರಿನ ಬ್ಯಾಟರಿಯೂ ಮುಗಿದರೆ ಇದಾವುದೂ ನಡೆಯುವುದಿಲ್ಲ. ಕಡ್ಡಿಗಳೆಲ್ಲ ಒಟ್ಟಿಗೆ ಮಾಯವಾದರೆ ಅಜ್ಜಿಗೆ ಅದು ಗೊತ್ತಾಗುತ್ತದೆ. ಆಗ ಫೋನನ್ನು ತಿರುವುತ್ತ ಕೂರದೆ ತೋಟಕ್ಕೆ ಹೋಗುತ್ತಾರೆ. ಕರೆ ಬರದಿದ್ದರೆ ಕರೆಂಟಿಲ್ಲವೆಂದು ತಿಳಿದುಕೊಳ್ಳಲು, ಗಾಬರಿಯಾಗದಿರಲು ಮೊಮ್ಮಗನಿಗೆ ಮೊದಲೇ ಹೇಳಿಟ್ಟಿದ್ದಾರೆ.