‘ಕಲ್ಲು’ ಎರಡಕ್ಷರವೋ, ಐದೋ?

ಮೊಬೈಲಿನಲ್ಲಿ ‘ಕ’ ಒತ್ತಿದ ಕೂಡಲೇ ಪದಗಳು ಸಾಲುಗಟ್ಟಿ ಬರುತ್ತವಲ್ಲ, ಅಂಥ ಕೆಲಸಕ್ಕೆ ಹೇಳಿಮಾಡಿಸಿದ ಜೋಡಣೆಯೇ ಟ್ರೈ. ಒಂದೇ ರೀತಿ ಶುರುವಾಗುವ ಪದಗಳು ಇಲ್ಲಿ ಒಂದೇ ದಾರಿ ಹಿಡಿಯುತ್ತವೆ, ಬೇರೆಯಾಗುವಲ್ಲಿ ಕವಲೊಡೆಯುತ್ತವೆ. ಇಂಗ್ಲಿಷಿನಲ್ಲಿ ಅಕ್ಷರಕ್ಕೊಂದು ಸಂಕೇತ, ಸಂಕೇತಕ್ಕೊಂದು ಹೆಜ್ಜೆ. ಕನ್ನಡದಲ್ಲಿ ಲೆಕ್ಕ ಅಷ್ಟು ಸುಲಭವಲ್ಲ.

ಕಲೆ, ಕಲಿ, ಕಲ್ಲು ಎಂಬ ಮೂರು ಪದಗಳನ್ನು ಸೇರಿಸೋಣ. ನಮ್ಮ ಕಣ್ಣಿಗೆ ‘ಕಲ್ಲು’ ಎರಡೇ ಅಕ್ಷರ. ಯೂನಿಕೋಡ್‌ಗೆ ಅದು ಐದು ಸಂಕೇತ: ಕ, ಲ, ಹಲಂತದ ಚಿಹ್ನೆ, ಮತ್ತೆ ಲ, ಕೊನೆಗೆ ಉಕಾರ. ಸಂಕೇತದ ಲೆಕ್ಕದಲ್ಲಿ ಟ್ರೈ ಕಟ್ಟಿದರೆ ಮೂರೂ ಪದಗಳು ‘ಕಲ’ದವರೆಗೆ ಒಟ್ಟಿಗೇ ಸಾಗುತ್ತವೆ. ‘ಈ ಮೂರರಲ್ಲಿ ಸಮಾನವಾದ ಆರಂಭ ಯಾವುದು?’ ಎಂದು ಕೇಳಿದರೆ ‘ಕಲ’ ಎನ್ನುತ್ತದೆ. ಓದುಗನ ಪ್ರಕಾರ ಸಮಾನವಾಗಿರುವುದು ‘ಕ’ ಮಾತ್ರ. ಪದಬಂಧದ ಆಪ್ ಆಗಿದ್ದರೆ ಮುಂದಿನ ಚೌಕಕ್ಕೆ ಲೆ, ಲಿ, ಲ್ಲು ಕೊಡುವ ಬದಲು ಬರೀ ‘ಲ’ ಕೊಟ್ಟು ಕೆಡಿಸುತ್ತದೆ.

ಹಾಗಾದರೆ ಇಡೀ ಅಕ್ಷರವನ್ನೇ ಒಂದು ಹೆಜ್ಜೆ ಮಾಡಬಾರದೇಕೆ? ಮಾಡಬಹುದು; ಪದಬಂಧಕ್ಕೆ ಅದೇ ಸರಿ. ಟೈಪಿಂಗ್‌ಗೆ ಮಾತ್ರ ಒಗ್ಗದು. ಬಳಕೆದಾರ ‘ಕಲ್’ವರೆಗೆ ಒತ್ತಿ ನಿಂತಾಗ, ‘ಲ್ಲು’ ಎಂಬ ಹೆಜ್ಜೆಗೆ ಅದು ತಾಳೆಯಾಗದೆ ‘ಕಲ್ಲು’ ಕೈತಪ್ಪುತ್ತದೆ. ನನ್ನ ಮಟ್ಟಿಗೆ, ಸಂಕೇತಗಳ ಮೇಲೇ ಟ್ರೈ ಕಟ್ಟಿ, ಅಕ್ಷರ ಮುಗಿಯುವ ಜಾಗಗಳನ್ನು ಬೇರೆಯಾಗಿ ಲೆಕ್ಕಹಾಕುವುದೇ ಜಾಣತನ. ನಿಯಮ ಚಿಕ್ಕದು: ಮುಂದಿನದು ಸ್ವರಚಿಹ್ನೆ, ಹಲಂತ, ಅನುಸ್ವಾರ, ವಿಸರ್ಗ ಆಗಿರಬಾರದು; ಹಿಂದಿನದು ಹಲಂತವಾಗಿರಬಾರದು. ಆಗ ಅಲ್ಲಿ ಹೊಸ ಅಕ್ಷರ ಶುರು. ಈ ನಿಯಮವನ್ನು ನಾವೇ ಬರೆದುಕೊಳ್ಳಬೇಕು. 2023ರ ಯೂನಿಕೋಡ್ 15.1 ಒತ್ತಕ್ಷರಗಳನ್ನು ಒಡೆಯದಿರುವ ನಿಯಮ ತಂದಾಗ ದೇವನಾಗರಿ, ತೆಲುಗು, ಮಲಯಾಳಂ ಮುಂತಾದವು ಸೇರಿದವು, ಕನ್ನಡ ಸೇರಲಿಲ್ಲ. ಆ ನಿಯಮ ನಂಬಿದರೆ ‘ಕ್ಷ’ ಎರಡು ತುಂಡು.

ಇನ್ನೊಂದು ಕಾಟ ಕಣ್ಣಿಗೇ ಕಾಣದು. ‘ಕೊ’ದ ಒಕಾರವನ್ನು ಒಂದೇ ಸಂಕೇತವಾಗಿಯೂ (`U+0CCA`), ಎಕಾರ, ಊಕಾರಗಳ ಜೋಡಿಯಾಗಿಯೂ (`U+0CC6 U+0CC2`) ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ, ಟ್ರೈ ಒಳಗೆ ಎರಡು ಕವಲು. ಪದಕೋಶದಲ್ಲಿರುವ ‘ಕೊಡೆ’ ಹುಡುಕಿದರೆ ಸಿಗುವುದಿಲ್ಲ. ಸೇರಿಸುವಾಗಲೂ ಹುಡುಕುವಾಗಲೂ `NFC` ರೂಪಕ್ಕೆ ತಂದರೆ ಇದು ಬಗೆಹರಿಯುತ್ತದೆ. ಆದರೆ ‘ರಾಜ್‌ಕುಮಾರ್’ ಹೆಸರಿನ ನಡುವೆ ಒತ್ತು ಬೀಳದಂತೆ ತಡೆಯುವ ಅಗೋಚರ ಸಂಕೇತವನ್ನು (`U+200C`) `NFC` ಮುಟ್ಟುವುದಿಲ್ಲ. ಅದನ್ನು ಹುಡುಕಾಟದ ಕೀಲಿಯಿಂದ ತೆಗೆದು, ತೋರಿಸಬೇಕಾದ ಮೂಲ ರೂಪವನ್ನು ದಾರಿಯ ಕೊನೆಯಲ್ಲಿ ಇಟ್ಟುಕೊಳ್ಳಬೇಕು.

ಕನ್ನಡ ಆಪ್ ಮಾಡುವವರು ಪರೀಕ್ಷೆಯ ಪಟ್ಟಿಗೆ ಕಲ್ಲು, ಕೊಡೆ, ರಾಜ್‌ಕುಮಾರ್ ಈ ಮೂರನ್ನು ಮೊದಲು ಸೇರಿಸಿಕೊಳ್ಳಲಿ.