ವ್ಯಾಕರಣಕ್ಕೆ ಅಂಕವಿಲ್ಲ, ವಾದಕ್ಕಿದೆ

ಕರ್ನಾಟಕದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗಿಯೊಬ್ಬಳು ಅಪ್ಪನ ಕೆಲಸದ ನಿಮಿತ್ತ ನೆದರ್‌ಲ್ಯಾಂಡ್ಸ್‌ಗೆ ಹೋಗಿ ಅಲ್ಲಿನ ಅಂತರರಾಷ್ಟ್ರೀಯ ಶಾಲೆ ಸೇರುತ್ತಾಳೆ ಎಂದಿಟ್ಟುಕೊಳ್ಳಿ. ಮನೆಯಲ್ಲಿ ಕನ್ನಡ, ಊರಿನ ಶಾಲೆಯಲ್ಲಿ ಹೆಸರಿಗೆ ಇಂಗ್ಲಿಷ್ ಮಾಧ್ಯಮ. ಈಗ ಎರಡು ವರ್ಷದ ಐಬಿ ಡಿಪ್ಲೊಮಾ, ಅಂದರೆ ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್ ಪರೀಕ್ಷೆ. ವಿಷಯಗಳಲ್ಲಿ ಇತಿಹಾಸವೂ ಒಂದು. ಮೊದಲ ಪ್ರಬಂಧ ಬರೆದುಕೊಟ್ಟಾಗ ಅವಳಿಗಿದ್ದ ಭಯ ಇಂಗ್ಲಿಷಿನದು. ಅಂಕ ಹೋದದ್ದು ಮಾತ್ರ ಬೇರೆ ಕಡೆ. ಇಂಥ ಮಕ್ಕಳ ವಿಷಯದಲ್ಲಿ ಸಾಮಾನ್ಯವಾಗಿ ಆಗುವುದೇ ಹೀಗೆ.

ಐಬಿ ಇತಿಹಾಸದ ಎರಡನೇ ಪತ್ರಿಕೆಯನ್ನೇ ನೋಡೋಣ. 2017ರಲ್ಲಿ ಮೊದಲ ಪರೀಕ್ಷೆ ನಡೆದ ಪಠ್ಯಕ್ರಮದಲ್ಲಿ ಇದು ಒಂದೂವರೆ ಗಂಟೆಯ ಪತ್ರಿಕೆ. ಎರಡು ಬೇರೆ ಬೇರೆ ವಿಷಯಗಳ ಮೇಲೆ ಎರಡು ಪ್ರಬಂಧ ಬರೆಯಬೇಕು, ಒಂದೊಂದಕ್ಕೂ 15 ಅಂಕ. ಅಲ್ಲಿಗೆ ಒಂದು ಪ್ರಬಂಧಕ್ಕೆ 45 ನಿಮಿಷ ಸಿಕ್ಕಿತು. ಪ್ರಶ್ನೆ ಓದಿ, ಯೋಚಿಸಿ, ಬರೆದು ಮುಗಿಸುವುದು ಎಲ್ಲ ಅದರೊಳಗೇ ಆಗಬೇಕು.

ಈ 15 ಅಂಕವನ್ನು ನಮ್ಮಲ್ಲಿಯಂತೆ ಅಂಶಕ್ಕೊಂದು ಅಂಕ ಎಂದು ಹಂಚುವುದಿಲ್ಲ. ಐದು ಪಟ್ಟಿಗಳಿವೆ: 1ರಿಂದ 3, 4ರಿಂದ 6, 7ರಿಂದ 9, 10ರಿಂದ 12, 13ರಿಂದ 15. ಪ್ರತಿ ಪಟ್ಟಿಯ ಉತ್ತರ ಹೇಗಿರುತ್ತದೆ ಎಂಬ ವಿವರಣೆ ಮೌಲ್ಯಮಾಪಕರ ಮುಂದಿರುತ್ತದೆ. ಅವರು ಇಡೀ ಪ್ರಬಂಧ ಓದಿ, ಯಾವ ವಿವರಣೆ ಅದಕ್ಕೆ ಹೆಚ್ಚು ಒಪ್ಪುತ್ತದೆ ಎಂದು ನೋಡುತ್ತಾರೆ. ಆಮೇಲೆ ಆ ಪಟ್ಟಿಯೊಳಗೆ ಮೇಲೋ ಕೆಳಗೋ ಎಂದು ತೀರ್ಮಾನಿಸಿ ಅಂಕ ಕೊಡುತ್ತಾರೆ. ತಪ್ಪು ಕಂಡಾಗೆಲ್ಲ ಕಳೆಯುತ್ತ ಹೋಗುವ ಪದ್ಧತಿ ಅಲ್ಲಿಲ್ಲ. ಇದ್ದದ್ದಕ್ಕೆ ಅಂಕ ಸಿಗುತ್ತದೆ. ಪ್ರಶ್ನೆಗೆ ಎಷ್ಟು ನೇರವಾಗಿ ಉತ್ತರಿಸಿದೆ, ಮಾಹಿತಿ ಸರಿಯಿದೆಯೇ, ಉದಾಹರಣೆ ವಾದಕ್ಕೆ ಆಸರೆಯಾಗಿದೆಯೇ, ಬೇರೆ ದೃಷ್ಟಿಕೋನಗಳನ್ನು ತೂಗಿ ನೋಡಿದೆಯೇ, ತೀರ್ಮಾನ ವಾದಕ್ಕೆ ಹೊಂದುತ್ತದೆಯೇ ಎಂಬುದನ್ನೆಲ್ಲ ಆ ವಿವರಣೆಗಳು ಕೇಳುತ್ತವೆ. ಕಾಗುಣಿತ, ವ್ಯಾಕರಣ, ಶೈಲಿಗೆಂದು ಪ್ರತ್ಯೇಕ ಅಂಕ ಅಲ್ಲಿ ಇಲ್ಲವೇ ಇಲ್ಲ.

ಈಗ ನಮ್ಮ ಹುಡುಗಿಯ ಪ್ರಬಂಧ. ಪ್ರಶ್ನೆ ಈ ಬಗೆಯದು: ಸರ್ವಾಧಿಕಾರಿಗಳು ಅಧಿಕಾರಕ್ಕೇರಲು ಆರ್ಥಿಕ ಬಿಕ್ಕಟ್ಟೇ ಮುಖ್ಯ ಕಾರಣ ಎಂಬ ಮಾತು ಎಷ್ಟರ ಮಟ್ಟಿಗೆ ನಿಜ? ಬೇರೆ ಬೇರೆ ಭೂಭಾಗಗಳ ಇಬ್ಬರು ನಾಯಕರನ್ನು ತೆಗೆದುಕೊಂಡು ಉತ್ತರಿಸಿ. ಅವಳು ಆರಿಸಿಕೊಂಡದ್ದು ಜರ್ಮನಿಯ ಹಿಟ್ಲರ್ ಮತ್ತು ಕ್ಯೂಬಾದ ಕ್ಯಾಸ್ಟ್ರೊ. ಆಯ್ಕೆ ಚೆನ್ನಾಗಿದೆ, ಒಂದು ಯುರೋಪ್, ಇನ್ನೊಂದು ಅಮೆರಿಕ ಖಂಡ.

ಮೊದಲ ಸಲ ಬರೆದದ್ದರ ಸಾರ ಹೀಗೆ. 1919ರ ವರ್ಸೇಲ್ಸ್ ಒಪ್ಪಂದದಿಂದ ಜರ್ಮನಿಗೆ ಅವಮಾನವಾಯಿತು. 1923ರಲ್ಲಿ ಹಣದುಬ್ಬರ ಬಂತು. ಅದೇ ವರ್ಷ ಹಿಟ್ಲರ್ ಮ್ಯೂನಿಕ್‌ನಲ್ಲಿ ದಂಗೆಗೆ ಯತ್ನಿಸಿ ಸೋತ. 1929ರಲ್ಲಿ ನ್ಯೂಯಾರ್ಕ್ ಷೇರುಪೇಟೆ ಕುಸಿಯಿತು. ಜನ ತುಂಬಾ ಕಷ್ಟಪಟ್ಟರು, ಆದ್ದರಿಂದ ಹಿಟ್ಲರ್ 1933ರಲ್ಲಿ ಚಾನ್ಸೆಲರ್ ಆದ. ಇದರಲ್ಲಿ ಒಂದೂ ಸುಳ್ಳಿಲ್ಲ, ಇಂಗ್ಲಿಷೂ ಶುದ್ಧವಾಗಿದೆ. ಆದರೂ ಇಡೀ ಪ್ರಬಂಧ ಇದೇ ಧಾಟಿಯಲ್ಲಿ ಸಾಗಿದರೆ 4ರಿಂದ 6ರ ಪಟ್ಟಿ ದಾಟುವುದು ಕಷ್ಟ. ಆ ಪಟ್ಟಿಯ ವಿವರಣೆಯೇ ಹೇಳುವಂತೆ ಅದು ಮುಖ್ಯವಾಗಿ ಕಥನ, ವಿಶ್ಲೇಷಣೆ ಅಲ್ಲ. ಕೇಳಿದ್ದು ಎಷ್ಟರ ಮಟ್ಟಿಗೆ ಎಂದು. ಅವಳು ಹೇಳಿದ್ದು ಏನೇನಾಯಿತು ಎಂದು. ನಮ್ಮ ಪರೀಕ್ಷೆಗಳಲ್ಲಿ ಕಾರಣಗಳನ್ನು ಸಾಲಾಗಿ ಬರೆದು, ಕೆಳಗೆ ಗೆರೆ ಎಳೆದು ಬೆಳೆದ ಕೈ ಅದು. ಅವಳನ್ನು ದೂರಿ ಫಲವಿಲ್ಲ.

ಎರಡನೆಯ ಸಲ ಅವಳು ಹೆಚ್ಚಿನ ಓದಿಗೇನೂ ಹೋಗಲಿಲ್ಲ. ಇದ್ದ ಮಾಹಿತಿಯನ್ನೇ ಪ್ರಶ್ನೆಯ ಎದುರು ನಿಲ್ಲಿಸಿದಳು. 1928ರ ಮೇ ಚುನಾವಣೆಯಲ್ಲಿ ನಾಜಿ ಪಕ್ಷಕ್ಕೆ ಬಂದದ್ದು ಶೇ. 2.6 ಮತ, 12 ಸ್ಥಾನ. ಷೇರುಪೇಟೆ ಕುಸಿದ ಮೇಲೆ, 1930ರ ಸೆಪ್ಟೆಂಬರಿನಲ್ಲಿ 107 ಸ್ಥಾನ. ನಿರುದ್ಯೋಗ ಉತ್ತುಂಗದಲ್ಲಿದ್ದ 1932ರ ಜುಲೈನಲ್ಲಿ 230. ಇಲ್ಲಿಯವರೆಗೆ ಆರ್ಥಿಕ ಬಿಕ್ಕಟ್ಟಿನ ವಾದ ಗಟ್ಟಿಯಾಗಿಯೇ ನಿಲ್ಲುತ್ತದೆ. ಆದರೆ ಅದೇ ನವೆಂಬರಿನಲ್ಲಿ ಪಕ್ಷದ ಸ್ಥಾನ 196ಕ್ಕೆ ಇಳಿಯಿತು. ಮತ ಕಳೆದುಕೊಳ್ಳುತ್ತಿದ್ದಾಗಲೇ, 1933ರ ಜನವರಿ 30ರಂದು, ಹಿಟ್ಲರ್ ಚಾನ್ಸೆಲರ್ ಆದ. ಆ ಕುರ್ಚಿ ಕೊಡಿಸಿದ್ದು ಫಾನ್ ಪಾಪೆನ್ ಮತ್ತು ಅಧ್ಯಕ್ಷ ಹಿಂಡೆನ್‌ಬರ್ಗ್ ಸುತ್ತಲಿನವರ ಲೆಕ್ಕಾಚಾರ. ಹಾಗಾಗಿ ಬಿಕ್ಕಟ್ಟು ಅವನನ್ನು ಬಾಗಿಲವರೆಗೆ ತಂದಿತು, ಬಾಗಿಲು ತೆರೆದವರು ರಾಜಕಾರಣಿಗಳು ಎಂದು ಅವಳು ಬರೆದಳು. ಕ್ಯೂಬಾದಲ್ಲಿ ಈ ವಾದ ಇನ್ನೂ ಸಡಿಲ. ಹಳ್ಳಿಗಾಡಿನಲ್ಲಿ ಬಡತನ, ಸಕ್ಕರೆ ಹಂಗಾಮು ಮುಗಿದ ಮೇಲೆ ನಿರುದ್ಯೋಗ ಇದ್ದವು ನಿಜ. ಆದರೆ 1950ರ ದಶಕದಲ್ಲಿ ಆ ದೇಶ ಲ್ಯಾಟಿನ್ ಅಮೆರಿಕದಲ್ಲಿ ತಕ್ಕಮಟ್ಟಿಗೆ ಅನುಕೂಲಸ್ಥ ದೇಶಗಳಲ್ಲೊಂದಾಗಿತ್ತು. 1952ರಲ್ಲಿ ಬಟಿಸ್ಟಾ ಕ್ಷಿಪ್ರಕ್ರಾಂತಿ ಮಾಡಿ ಚುನಾವಣೆಯ ದಾರಿ ಮುಚ್ಚಿದ್ದು, 1958ರಲ್ಲಿ ಅಮೆರಿಕ ಅವನಿಗೆ ಶಸ್ತ್ರ ಕಳಿಸುವುದನ್ನು ನಿಲ್ಲಿಸಿದ್ದು ಅಲ್ಲಿ ಹೆಚ್ಚು ಭಾರದ ಕಾರಣಗಳು.

ವಾಕ್ಯಗಳು ಚಿಕ್ಕವು, ಒಂದೆರಡು ಕ್ರಿಯಾಪದ ತಪ್ಪಿರಬಹುದು. ಕೊನೆಯವರೆಗೂ ಇದೇ ಹಿಡಿತವಿದ್ದರೆ ಈ ಪ್ರಬಂಧಕ್ಕೆ ಮೇಲಿನ ಎರಡು ಪಟ್ಟಿಗಳಲ್ಲೊಂದರಲ್ಲಿ ಜಾಗವಿದೆ. ಇತಿಹಾಸಕಾರರ ಹೆಸರುಗಳನ್ನು ಉದುರಿಸಬೇಕಾಗಿಯೂ ಇಲ್ಲ. ಬೇರೆ ದೃಷ್ಟಿಕೋನ ಎಂದರೆ ಕಂಠಪಾಠ ಮಾಡಿದ ಉಲ್ಲೇಖವಲ್ಲ, ಎದುರು ವಾದವನ್ನು ನಿಜವಾಗಿ ತೂಗುವುದು.

ಹಾಗಾದರೆ ಎರಡನೇ ಭಾಷೆ ತೊಡಕೇ ಅಲ್ಲವೇ? ತೊಡಕು ಹೌದು, ಆದರೆ ಅಡ್ಡದಾರಿಯಲ್ಲಿ ಬರುತ್ತದೆ. ಭಾಷೆಯ ಭಯವಿರುವ ಮಕ್ಕಳು ಮನೆಯಲ್ಲೇ ಪ್ರಬಂಧ ಬಾಯಿಪಾಠ ಮಾಡಿಕೊಂಡು ಹೋಗುತ್ತಾರೆ. ಪ್ರಶ್ನೆ ಹಿಟ್ಲರ್ ಅಧಿಕಾರಕ್ಕೆ ಬಂದ ಬಗ್ಗೆ ಇದ್ದರೂ, ಉಳಿಸಿಕೊಂಡ ಬಗ್ಗೆ ಇದ್ದರೂ ಬರುವ ಉತ್ತರ ಒಂದೇ. ಒಂದೇ ಪ್ರಶ್ನೆಗೆ ನೂರಾರು ಉತ್ತರ ಓದಿದವರಿಗೆ ಇದು ಮೊದಲ ಪುಟದಲ್ಲೇ ಗೊತ್ತಾಗುತ್ತದೆ. ಇನ್ನೊಂದು ಕಡೆ, ಪದ ಸಿಗದೆ ‘ಜನ ಕಷ್ಟಪಟ್ಟರು’ ಎಂಬಂಥ ತೇಲುಮಾತಿಗೆ ಇಳಿಯುತ್ತಾರೆ. ಯಾವ ಜನ, ಯಾವಾಗ, ಎಷ್ಟು ಎಂಬುದಿಲ್ಲದ ವಾಕ್ಯ ಆಧಾರವಾಗಿ ನಿಲ್ಲದು. ಇಡೀ ವಾಕ್ಯವೇ ಅರ್ಥವಾಗದಷ್ಟು ಕೆಟ್ಟರಂತೂ ಮೌಲ್ಯಮಾಪಕರು ಊಹಿಸಿ ಅಂಕ ಕೊಡಲಾರರು. ಇತಿಹಾಸದಂಥ ವಿಷಯಗಳಲ್ಲಿ ಮುದ್ರಿತ ದ್ವಿಭಾಷಾ ನಿಘಂಟು ಬಳಸಲು ಅವಕಾಶವಿದೆ, ಶಾಲೆಯನ್ನು ಮುಂಚೆಯೇ ಕೇಳಿಕೊಳ್ಳಬೇಕು. ಆದರೆ 45 ನಿಮಿಷದಲ್ಲಿ ಎಷ್ಟು ಪುಟ ತಿರುವಲು ಸಾಧ್ಯ?

ಯಾರೋ ಪರದೇಶದವರು ನಮ್ಮ ಮಗಳ ಇಂಗ್ಲಿಷ್ ನೋಡಿ ಹಗುರವಾಗಿ ತಳ್ಳಿಹಾಕಿದರೆ ಎಂಬ ಆತಂಕ ಮನೆಯವರಿಗೆ ಸಹಜ. ಉತ್ತರಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರ್ ಪರದೆಯಲ್ಲಿ ಅಂಕ ಕೊಡಿಸುತ್ತಾರೆ, ವಿದ್ಯಾರ್ಥಿಯ ಹೆಸರು ಅಲ್ಲಿ ಕಾಣುವುದಿಲ್ಲ. ಹಿರಿಯ ಮೌಲ್ಯಮಾಪಕರು ಮೊದಲೇ ಅಂಕ ನಿಗದಿ ಮಾಡಿದ ಕೆಲವು ಉತ್ತರಗಳನ್ನು ಉಳಿದವುಗಳ ನಡುವೆ ಗುಟ್ಟಾಗಿ ಸೇರಿಸಿರುತ್ತಾರೆ. ಅವುಗಳಿಗೆ ಕೊಟ್ಟ ಅಂಕ ಮಿತಿ ಮೀರಿ ವ್ಯತ್ಯಾಸವಾಗುತ್ತಿದ್ದರೆ ಆ ಮೌಲ್ಯಮಾಪಕರನ್ನು ಮುಂದುವರಿಯಲು ಬಿಡುವುದಿಲ್ಲ. ಹಾಗೆಂದು ಇದು ತಕ್ಕಡಿಯ ಕೆಲಸವಲ್ಲ. ಒಂದೇ ಪ್ರಬಂಧಕ್ಕೆ ಇಬ್ಬರು ಅನುಭವಿಗಳು 10 ಮತ್ತು 11 ಕೊಡುವುದುಂಟು. ಫಲಿತಾಂಶ ಒಪ್ಪಿಗೆಯಾಗದಿದ್ದರೆ ಶಾಲೆಯ ಮೂಲಕ ಮರುಮೌಲ್ಯಮಾಪನ ಕೇಳಬಹುದು. ಅರ್ಜಿ ಹಾಕುವ ಮುನ್ನ ಮಗಳ ಜೊತೆ ಕೂತು ಮಾತಾಡಿ, ಏಕೆಂದರೆ ಅದರಲ್ಲಿ ಶ್ರೇಣಿ ಏರಲೂಬಹುದು, ಇಳಿಯಲೂಬಹುದು.