ಭೇದಿಗೆ ಲೋಪೆರಮೈಡ್: ದಿನಕ್ಕೆ ಎಷ್ಟು ಮಾತ್ರೆ? ರಕ್ತ ಕಂಡರೆ ಯಾಕೆ ಬೇಡ?

ಹೊನ್ನಾವರ: ಮಳೆಗಾಲದಲ್ಲಿ ಬಾವಿ ನೀರು ಕೆಟ್ಟು ಹೊಟ್ಟೆ ಹಾಳಾಗೋದು ಭಟ್ಕಳ, ಹೊನ್ನಾವರ, ಕುಮಟಾ ಕಡೆಯವರಿಗೆ ಹೊಸತಲ್ಲ. ಅಂಗಡಿ ಬಾಗಿಲು ಹಾಕುವಂತಿಲ್ಲ, ಬಸ್ಸಿಗೆ ಹೋಗಲೇಬೇಕು. ಆಗ ಮೆಡಿಕಲ್ ಶಾಪಿಗೆ ಹೋಗಿ "ಲೂಸ್ ಮೋಷನ್ ನಿಲ್ಲೋ ಮಾತ್ರೆ ಕೊಡಿ" ಅಂತ ಕೇಳುತ್ತೇವೆ. ಹೆಚ್ಚಾಗಿ ಸಿಗೋದು ಲೋಪೆರಮೈಡ್ 2 ಮಿಲಿಗ್ರಾಂ. ಚೀಟಿಯ ಮೇಲೆ ಕಂಪನಿಯ ಹೆಸರು ಏನೇ ಇರಲಿ, ಕೆಳಗೆ ಸಣ್ಣ ಅಕ್ಷರದಲ್ಲಿರುವ ಔಷಧದ ಹೆಸರು ಓದಿಕೊಳ್ಳಿ.

ಮೊದಲು ಒಂದು ಮಾತು ಗೊತ್ತಿರಲಿ. ಈ ಮಾತ್ರೆ ರೋಗಾಣುವನ್ನು ಕೊಲ್ಲುವುದಿಲ್ಲ. ಕರುಳಿನ ಚಲನೆಯನ್ನು ನಿಧಾನ ಮಾಡುತ್ತದೆ, ಅಷ್ಟೇ. ಮಲ ಒಳಗೆ ಹೆಚ್ಚು ಹೊತ್ತು ನಿಲ್ಲುವುದರಿಂದ ಅದರಲ್ಲಿನ ನೀರನ್ನು ದೇಹ ಹೀರಿಕೊಳ್ಳುತ್ತದೆ, ಪದೇ ಪದೇ ಓಡುವುದು ಕಡಿಮೆಯಾಗುತ್ತದೆ.

ಲೆಕ್ಕ ಹೀಗೆ

ದೊಡ್ಡವರಿಗೆ ಮೊದಲು 2 ಮಾತ್ರೆ, ಅಂದರೆ 4 ಮಿಲಿಗ್ರಾಂ. ಆಮೇಲೆ ಪ್ರತಿ ಸಲ ನೀರಾಗಿ ಹೋದ ನಂತರ 1 ಮಾತ್ರೆ. ವೈದ್ಯರು ನೋಡಿ ಬರೆದುಕೊಟ್ಟರೆ ದಿನದ ಗರಿಷ್ಠ ಮಿತಿ 16 ಮಿಲಿಗ್ರಾಂ, ಅಂದರೆ 8 ಮಾತ್ರೆ. ವೈದ್ಯರ ಚೀಟಿಯಿಲ್ಲದೆ ಸ್ವಂತವಾಗಿ ತಗೊಳ್ಳುವವರಿಗೆ ಅಮೆರಿಕದಲ್ಲಿ ಹಾಕಿರುವ ಮಿತಿ 8 ಮಿಲಿಗ್ರಾಂ, ಅಂದರೆ 4 ಮಾತ್ರೆ ಮಾತ್ರ. ನಾವೂ ಅದನ್ನೇ ಹಿಡಿಯುವುದು ಕ್ಷೇಮ.

ಉದಾಹರಣೆಗೆ ಒಬ್ಬ ಅಂಗಡಿಯವರು ಬೆಳಿಗ್ಗೆ 7ಕ್ಕೆ 2 ಮಾತ್ರೆ ತಗೊಂಡರು. 10ಕ್ಕೆ ಮತ್ತೆ ನೀರಾಗಿ ಹೋಯಿತು, 1 ಮಾತ್ರೆ. ಮಧ್ಯಾಹ್ನ 2ಕ್ಕೆ ಇನ್ನೊಮ್ಮೆ, 1 ಮಾತ್ರೆ. ಒಟ್ಟು 4 ಆಯಿತು. ಸಂಜೆ ಮತ್ತೆ ಹೋದರೆ ಐದನೇ ಮಾತ್ರೆ ಅಲ್ಲ, ಡಾಕ್ಟರರ ಹತ್ತಿರ ಹೋಗಬೇಕು. ಮಾತ್ರೆ ಕೆಲಸ ತೋರಿಸಲು ಒಂದು ಗಂಟೆಯಾದರೂ ಬೇಕು. "ಇನ್ನೂ ನಿಂತಿಲ್ಲ" ಅಂತ ಹತ್ತು ನಿಮಿಷಕ್ಕೊಂದು ನುಂಗುವುದೇ ಇಲ್ಲಿ ಆಗುವ ತಪ್ಪು. ಎರಡು ದಿನದಲ್ಲಿ ಕಡಿಮೆಯಾಗದಿದ್ದರೂ ಮಾತ್ರೆ ನಿಲ್ಲಿಸಿ ತೋರಿಸಬೇಕು.

ಮಿತಿ ಮೀರಿದರೆ ಅಪಾಯ ಹೊಟ್ಟೆಗಲ್ಲ, ಹೃದಯಕ್ಕೆ. ಅತಿಯಾಗಿ ತಗೊಂಡಾಗ ಹೃದಯ ಬಡಿತ ಏರುಪೇರಾಗಿ ಸಾವು ಸಂಭವಿಸಿದ್ದರಿಂದ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರಲ್ಲಿ ಎಚ್ಚರಿಕೆ ಕೊಟ್ಟಿತ್ತು. ಹೃದಯದ ಅಥವಾ ಲಿವರ್ ತೊಂದರೆ ಇದ್ದವರು, ಫಂಗಸ್‌ಗೆ ಇಟ್ರಾಕೊನಜೋಲ್ ಮಾತ್ರೆ ತಗೊಳ್ಳುತ್ತಿರುವವರು ಕೇಳದೆ ಒಂದನ್ನೂ ತಗೊಳ್ಳಬಾರದು.

ರಕ್ತ ಕಂಡರೆ ಮುಟ್ಟಬೇಡಿ

ಮಲದಲ್ಲಿ ರಕ್ತ, ಲೋಳೆ ಬಂದರೆ, ಅಂದರೆ ನಾವು ಆಮಶಂಕೆ ಅನ್ನುವುದಾದರೆ, ರೋಗಾಣು ಕರುಳಿನ ಗೋಡೆಯನ್ನೇ ಕೊರೆಯುತ್ತಿರಬಹುದು. ಆಗ ಭೇದಿಯೇ ದೇಹ ಅದನ್ನು ಹೊರಹಾಕುವ ದಾರಿ. ಲೋಪೆರಮೈಡ್ ಆ ಬಾಗಿಲು ಮುಚ್ಚುತ್ತದೆ. ರೋಗಾಣು, ಅದರ ವಿಷ ಎರಡೂ ಒಳಗೇ ಉಳಿದು ಕರುಳು ಉಬ್ಬಿಕೊಳ್ಳಬಹುದು. "ಭೇದಿ ನಿಂತಿತು, ಆದರೆ ಹೊಟ್ಟೆ ಉಬ್ಬಿದೆ, ನೋವು ಹೆಚ್ಚಿದೆ" ಅನ್ನುವುದು ವಾಸಿಯಾದ ಲಕ್ಷಣವಲ್ಲ, ತಕ್ಷಣ ಆಸ್ಪತ್ರೆಗೆ ಓಡಬೇಕಾದ ಲಕ್ಷಣ.

ರಕ್ತ ಕಾಣದಿದ್ದರೂ ಜ್ವರ ಜೋರಾಗಿದ್ದರೆ, ಮಲ ಡಾಂಬರಿನಂತೆ ಕಪ್ಪಗಿದ್ದರೆ, ಇತ್ತೀಚೆಗೆ ಆ್ಯಂಟಿಬಯೋಟಿಕ್ ಕೋರ್ಸ್ ತಗೊಂಡ ಮೇಲೆ ಭೇದಿ ಶುರುವಾಗಿದ್ದರೆ ಇದೇ ಮಾತು. "ಮೂಲವ್ಯಾಧಿ ರಕ್ತ ಇರಬಹುದು" ಎಂಬ ಅನುಮಾನ ಇದ್ದರೂ ಮಾತ್ರೆ ಬೇಡ, ತೋರಿಸಿಯೇ ನಿರ್ಧರಿಸಿ. ಮನೆಯಲ್ಲಿ ಉಳಿದ ಮಾತ್ರೆಯನ್ನು ಮಕ್ಕಳಿಗೆ ಮುರಿದು ಕೊಡುವುದಂತೂ ಬೇಡವೇ ಬೇಡ.

ಮೊದಲ ಔಷಧ ನೀರು

ಭೇದಿಯಲ್ಲಿ ಜೀವಕ್ಕೆ ಅಪಾಯ ತರುವುದು ದೇಹದ ನೀರು, ಉಪ್ಪು ಹೋಗುವುದು. ಅದನ್ನು ಲೋಪೆರಮೈಡ್ ತುಂಬಿಕೊಡುವುದಿಲ್ಲ. ಒಂದು ಲೀಟರಿನ ಓಆರ್‌ಎಸ್ ಪ್ಯಾಕೆಟನ್ನು ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೇ ಹಾಕಿ, ಅರ್ಧ ಪ್ಯಾಕೆಟ್ ಲೋಟಕ್ಕೆ ಎಂಬ ಅಂದಾಜು ಬೇಡ. ಗಂಜಿ ತಿಳಿಯೂ ಆಗುತ್ತದೆ. ಅಕ್ಕಿ ತೊಳೆದ ನೀರಿನಂತೆ ಧಾರಾಳವಾಗಿ ಹೋಗುತ್ತಿದ್ದರೆ, ಮೂತ್ರ ನಿಂತಿದ್ದರೆ, ಎದ್ದು ನಿಂತಾಗ ತಲೆ ಸುತ್ತಿದರೆ ಮೆಡಿಕಲ್ ಶಾಪ್ ಅಲ್ಲ, ತಾಲೂಕು ಆಸ್ಪತ್ರೆಗೆ ಹೋಗಿ. ವಾಹನ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿ.